ದೊಡ್ಡ ಸುದ್ದಿಯ ಮೊದಲ ದಿನ 400 ಪದಗಳ ವಿವರಣೆ: ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ನಾನು ಸುದ್ದಿ ಡೆಸ್ಕ್‌ಗೆ ಸೇರಿ ಹೆಚ್ಚು ಕಾಲವಾಗಿಲ್ಲ. ದೊಡ್ಡ ಘಟನೆ ನಡೆದ ಕೆಲವೇ ತಾಸುಗಳಲ್ಲಿ, ಏನಾಯಿತು, ಏಕಾಯಿತು ಎಂದು 400 ಪದಗಳಲ್ಲಿ ವಿವರಿಸಿ ಬರೆಯಲು ಹೇಳುತ್ತಾರೆ. ಅಷ್ಟರಲ್ಲಿ ಮೊಬೈಲ್ ತುಂಬ ವಿಡಿಯೊ, ಭವಿಷ್ಯವಾಣಿ, ಒಂದೊಂದು ಕಡೆ ಒಂದೊಂದು ಲೆಕ್ಕ. ಎಲ್ಲವನ್ನೂ ಪರಿಶೀಲಿಸುತ್ತ ಕುಳಿತರೆ ಸಮಯ ಮೀರುತ್ತದೆ. ಬಿಟ್ಟರೆ ವದಂತಿ ಒಳಗೆ ನುಸುಳುತ್ತದೆ. ಏನು ಮಾಡಲಿ?

ಉತ್ತರ: ಒಂದೇ ಘಟನೆಯನ್ನು ಹಿಡಿದು ಉತ್ತರಿಸುತ್ತೇನೆ: 2023ರ ಫೆಬ್ರುವರಿ 6ರಂದು ಟರ್ಕಿ ಮತ್ತು ಸಿರಿಯಾಗಳನ್ನು ನಡುಗಿಸಿದ ಭೂಕಂಪ. ನಿಮ್ಮನ್ನು ಕಾಡುತ್ತಿರುವ ಎಲ್ಲವೂ ಆ ಒಂದೇ ದಿನದಲ್ಲಿ ಸಿಗುತ್ತದೆ. ಗಂಟೆಗೊಮ್ಮೆ ಬದಲಾದ ಸಂಖ್ಯೆಗಳು, ಬೇರೆ ದೇಶದ ಹಳೆಯ ವಿಡಿಯೊ, ನಿಜವಾಗಿದ್ದರೂ ಸುಳ್ಳೆಂದು ತಳ್ಳಿಹಾಕಬಹುದಾಗಿದ್ದ ವಿಡಿಯೊಗಳು, ಮೂರು ದಿನ ಮೊದಲೇ ಹೇಳಿದ್ದರೆಂಬ ಭವಿಷ್ಯವಾಣಿ. ಅಂದಿನ ಡೆಸ್ಕ್‌ನಲ್ಲಿ ನೀವು ಕುಳಿತಿದ್ದೀರಿ ಎಂದುಕೊಳ್ಳಿ.

ಮೊದಲು ಪ್ರಶ್ನೆಯನ್ನು ಆರಿಸಿಕೊಳ್ಳಿ. 400 ಪದಗಳು ಒಂದು ಮುಖ್ಯ ಪ್ರಶ್ನೆಯನ್ನು ಹೊರುತ್ತವೆ, ಜೊತೆಗೆ ಒಂದೆರಡು ಚಿಕ್ಕ ಪ್ರಶ್ನೆಗಳನ್ನು. ಏನಾಯಿತು, ಎಷ್ಟು ಮಂದಿ ಸತ್ತರು, ರಕ್ಷಣಾ ಕಾರ್ಯ ಎಲ್ಲಿಗೆ ಬಂತು ಎಂಬುದನ್ನು ಪಕ್ಕದ ಮೇಜಿನವರು ವರದಿಯಲ್ಲಿ ಬರೆಯುತ್ತಿರುತ್ತಾರೆ. ನೀವು ಅದನ್ನೇ ಇನ್ನೊಮ್ಮೆ ಬರೆದರೆ ಅದು ವಿವರಣೆಯಾಗುವುದಿಲ್ಲ, ಎರಡನೆಯ ವರದಿಯಾಗುತ್ತದೆ. ಅಂದಿನ ವಿವರಣೆಗೆ ತಕ್ಕ ಪ್ರಶ್ನೆ ಇದು: ಅಲ್ಲಿ ಇಷ್ಟು ದೊಡ್ಡ ಭೂಕಂಪ ಏಕಾಯಿತು?

ಈ ಪ್ರಶ್ನೆಯಿಂದ ಇನ್ನೊಂದು ಅನುಕೂಲವಿದೆ. ಉತ್ತರದ ಬಹುಭಾಗ ಭೂಕಂಪಕ್ಕೆ ಎಷ್ಟೋ ವರ್ಷ ಮೊದಲೇ ಗೊತ್ತಿತ್ತು. ಭೂಮಿಯ ಹೊರಪದರದ ದೊಡ್ಡ ತುಂಡುಗಳಲ್ಲೊಂದಾದ ಅರೇಬಿಯನ್ ಫಲಕ ಉತ್ತರಕ್ಕೆ ಒತ್ತುತ್ತದೆ, ಎದುರಿಗೆ ಯುರೇಷಿಯನ್ ಫಲಕ ನಿಂತಿದೆ, ನಡುವೆ ಸಿಕ್ಕಿದ ಅನಟೋಲಿಯನ್ ಫಲಕ ಪಶ್ಚಿಮಕ್ಕೆ ಜಾರುತ್ತಿದೆ. ಆ ಜಾರುವಿಕೆಯ ಒಂದು ಅಂಚು ಪೂರ್ವ ಅನಟೋಲಿಯನ್ ಸ್ತರಭಂಗ ಎಂಬ ಬಿರುಕು. ಅಲ್ಲಿ ಎರಡು ಬದಿಯ ನೆಲ ಒಂದರ ಪಕ್ಕ ಇನ್ನೊಂದು ಉಜ್ಜುತ್ತ ಸಾಗಬೇಕು. ಆದರೆ ಅದು ಕಚ್ಚಿಕೊಂಡು ನಿಲ್ಲುತ್ತದೆ. ಒತ್ತಡ ಕೂಡಿ ಕೂಡಿ ಒಮ್ಮೆಲೇ ಕಳಚುತ್ತದೆ. ಇದನ್ನು ಘಟನೆ ನಡೆದ ಹತ್ತು ನಿಮಿಷದಲ್ಲಿ ಬರೆದರೂ ಹತ್ತು ದಿನದ ನಂತರ ಬರೆದರೂ ಬದಲಾಗುವುದಿಲ್ಲ. ಅವಸರದ ಹೊತ್ತಿನಲ್ಲಿ ನಿಮ್ಮ ಕೈಹಿಡಿಯುವುದು ಈ ಹಳೆಯ ತಿಳಿವಳಿಕೆಯೇ. 400 ಪದಗಳಲ್ಲಿ ಅರ್ಧದಷ್ಟನ್ನು ಅದರಿಂದಲೇ ತುಂಬಿದರೆ ಪರಿಶೀಲಿಸಲು ಉಳಿಯುವುದು ಇನ್ನರ್ಧ ಮಾತ್ರ. ನಿಮ್ಮ ಸಮಯದ ಸಮಸ್ಯೆಗೆ ನಾನು ಬಲ್ಲ ಅತಿ ದೊಡ್ಡ ಪರಿಹಾರ ಇದೇ.

ಇನ್ನು ಹೊಸ ಮಾಹಿತಿ. ಬರೆಯುವ ಮೊದಲು ಪ್ರತಿ ಸಂಗತಿಯನ್ನೂ ಒಂದು ಹಾಳೆಯ ಮೇಲೆ ಬೇರೆ ಬೇರೆ ಸಾಲಿನಲ್ಲಿ ಇಳಿಸಿ. ಎದುರಿಗೆ ಮೂರು ವಿಷಯ ಬರೆಯಿರಿ: ಯಾರು ಹೇಳಿದರು, ಎಷ್ಟು ಗಂಟೆಗೆ ಹೇಳಿದರು, ಅದು ಅವರಿಗೆ ಹೇಗೆ ಗೊತ್ತು. ಮೂರನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಆದರೆ ಜರಡಿ ಹಿಡಿಯುವುದು ಅದೇ. ಭೂಕಂಪಮಾಪಕಗಳ ಜಾಲ ನಡೆಸುವ ಸಂಸ್ಥೆಗೆ ಕಂಪನದ ಪ್ರಮಾಣ ಗೊತ್ತಿರಲು ಕಾರಣವಿದೆ. ಅದೇ ಸಂಸ್ಥೆಗೆ ಎಷ್ಟು ಮಂದಿ ಸತ್ತರೆಂದು ತಿಳಿಯಲು ದಾರಿಯಿಲ್ಲ. ಒಂದು ದೇಶದ ಸಚಿವರಿಗೆ ತಮ್ಮ ಆಸ್ಪತ್ರೆಗಳ ಲೆಕ್ಕ ಗೊತ್ತಿರಬಹುದು. ಗಡಿಯಾಚೆಯ ಲೆಕ್ಕ ಗೊತ್ತಿರುವುದಿಲ್ಲ. ಹೇಳಿದವರು ದೊಡ್ಡವರೇ ಎಂದು ನೋಡುವುದರ ಬದಲು, ಈ ವಿಷಯ ಅವರಿಗೆ ನೇರವಾಗಿ ತಿಳಿಯುವಂಥದ್ದೇ ಎಂದು ಕೇಳಿ.

ಸಮಯದಿಂದ ಆರಂಭಿಸೋಣ. ಸುಲಭವೆಂದು ಕಾಣುತ್ತದೆ, ಆದರೆ ಎಡವುವವರು ಇಲ್ಲಿಯೇ ಎಡವುತ್ತಾರೆ. ಭೂಕಂಪ ಸಂಸ್ಥೆಗಳು ವಿಶ್ವ ಪ್ರಮಾಣ ಸಮಯ ಕೊಡುತ್ತವೆ. ಮೊದಲ ಕಂಪನ ಆ ಲೆಕ್ಕದಲ್ಲಿ 01:17ಕ್ಕೆ. ಟರ್ಕಿ ಮೂರು ಗಂಟೆ ಮುಂದಿರುವುದರಿಂದ ಅಲ್ಲಿ ನಸುಕಿನ 4:17. ಅದೇ ಕ್ಷಣದಲ್ಲಿ ಅಮೆರಿಕದಲ್ಲಿ ಇನ್ನೂ ಫೆಬ್ರುವರಿ 5ರ ಸಂಜೆ–ರಾತ್ರಿ. ಹಾಗಾಗಿ ಅಲ್ಲಿನ ಕೆಲವರ ಪೋಸ್ಟ್‌ಗಳಲ್ಲಿ 5 ಎಂದಿದ್ದರೆ ಎರಡು ಭೂಕಂಪಗಳಾದವೆಂದು ಅರ್ಥವಲ್ಲ. ಘಟನೆಯ ಸ್ಥಳೀಯ ಸಮಯವನ್ನೇ ಬರೆಯಿರಿ, ಅದು ಸ್ಥಳೀಯ ಸಮಯವೆಂದು ಒಂದು ಪದದಲ್ಲಿ ಸೂಚಿಸಿ. ಈ 4:17 ಮುಂದೆ ವಿಡಿಯೊ ಪರೀಕ್ಷೆಯಲ್ಲಿಯೂ ಕೆಲಸಕ್ಕೆ ಬರುತ್ತದೆ.

ಪ್ರಮಾಣದ ವಿಷಯಕ್ಕೆ ಬಂದರೆ, ಅಂದು ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆಯಾದ ಯುಎಸ್‌ಜಿಎಸ್ 7.8 ಎಂದಿತು. ಟರ್ಕಿಯ ವಿಪತ್ತು ನಿರ್ವಹಣಾ ಸಂಸ್ಥೆ ಅಫಾದ್ ಮೊದಲು 7.4 ಎಂದು ಹೇಳಿ ಮುಂದೆ 7.7ಕ್ಕೆ ತಿದ್ದಿತು. ಆಳದಲ್ಲಿಯೂ ಹಾಗೆಯೇ: ಯುಎಸ್‌ಜಿಎಸ್ ಮೊದಲಿಗೆ 17.9 ಕಿ.ಮೀ. ಎಂದಿತ್ತು, ಅಫಾದ್ 7 ಕಿ.ಮೀ. ಎಂದಿತ್ತು. ಇದನ್ನು ಕಂಡು, ಯಾರೋ ಮುಚ್ಚಿಡುತ್ತಿದ್ದಾರೆ ಎಂಬ ಮಾತು ಹುಟ್ಟುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ನಿಜವಾದ ಕಾರಣ ಸರಳವಾಗಿದೆ. ಮೊದಲ ಸಂಖ್ಯೆಯನ್ನು ಕಂಪ್ಯೂಟರ್ ತಾನಾಗಿಯೇ ಲೆಕ್ಕ ಹಾಕುತ್ತದೆ, ಆ ಹೊತ್ತಿಗೆ ಬಂದು ತಲುಪಿದ ಅಲೆಗಳನ್ನಷ್ಟೇ ಬಳಸಿಕೊಂಡು. ದೂರದ ಕೇಂದ್ರಗಳ ದಾಖಲೆ ಬಂದ ಮೇಲೆ ತಜ್ಞರು ಕುಳಿತು ತಿದ್ದುತ್ತಾರೆ. ಒಂದೊಂದು ಸಂಸ್ಥೆ ಬಳಸುವ ಕೇಂದ್ರಗಳೂ ಲೆಕ್ಕದ ವಿಧಾನವೂ ಬೇರೆ. ಯುಎಸ್‌ಜಿಎಸ್ ತಾಣದಲ್ಲಿ ಪ್ರತಿ ಭೂಕಂಪದ ಪುಟದಲ್ಲೂ ಪರಿಶೀಲನೆಯ ಸ್ಥಿತಿ ಕಾಣುತ್ತದೆ: `AUTOMATIC` ಎಂದಿದ್ದರೆ ಮನುಷ್ಯರು ಇನ್ನೂ ನೋಡಿಲ್ಲ, `REVIEWED` ಎಂದಿದ್ದರೆ ನೋಡಿದ್ದಾರೆ. ಹೀಗಾಗಿ ಒಂದು ಸಂಸ್ಥೆಯನ್ನು ಆರಿಸಿಕೊಂಡು, ಅದರ ಹೆಸರು ಹೇಳಿ, ಇಡೀ ಬರಹದಲ್ಲಿ ಅದರ ಸಂಖ್ಯೆಯನ್ನೇ ಬಳಸಿ. ಒಂದು ಸಾಲಿನಲ್ಲಿ ಅಫಾದ್‌ನ 7.7, ಹಳೆಯ ಭೂಕಂಪದೊಂದಿಗೆ ಹೋಲಿಸುವ ಸಾಲಿನಲ್ಲಿ ಯುಎಸ್‌ಜಿಎಸ್‌ನ 7.8 ಎಂದು ಬೆರೆಸಿದರೆ ಹೋಲಿಕೆಯೇ ಕೆಡುತ್ತದೆ. ವ್ಯತ್ಯಾಸ ಓದುಗರ ಕಣ್ಣಿಗೆ ಬಿದ್ದಿರುವ ದಿನ, ಅದೇಕೆಂದು ಒಂದು ವಾಕ್ಯದಲ್ಲಿ ಹೇಳಿಬಿಡಿ. ವದಂತಿ ಹುಟ್ಟುವ ಮೊದಲೇ ಅದರ ಜಾಗವನ್ನು ಆ ವಾಕ್ಯ ತುಂಬುತ್ತದೆ.

ಇದೇ ಸಂದರ್ಭದಲ್ಲಿ ಒಂದು ಮಾತು: "ರಿಕ್ಟರ್ ಮಾಪಕದಲ್ಲಿ 7.8" ಎಂದು ಬರೆಯುವ ರೂಢಿ ಬಿಡಿ. ಇಂಥ ದೊಡ್ಡ ಕಂಪನಗಳಿಗೆ ಈಗ ಬಳಸುವುದು ಮೊಮೆಂಟ್ ಮಾಪಕ. ಮಾಪಕದ ಹೆಸರೇ ಬೇಡವೆನಿಸಿದರೆ "7.8 ಪ್ರಮಾಣದ ಭೂಕಂಪ" ಎಂದರೆ ಸಾಕು, ಅದು ಸರಿಯೂ ಹೌದು, ಚಿಕ್ಕದೂ ಹೌದು.

ಸಾವಿನ ಸಂಖ್ಯೆ ಬೇರೆಯೇ ಜಾತಿಯದು. ಪ್ರಮಾಣ ಅತ್ತಿತ್ತ ಸ್ವಲ್ಪ ಆಡಿ ಒಂದು ಕಡೆ ನಿಲ್ಲುತ್ತದೆ. ಸಾವಿನ ಲೆಕ್ಕ ಒಂದೇ ದಿಕ್ಕಿಗೆ ಏರುತ್ತಲೇ ಇರುತ್ತದೆ. ಆ ದಿನ ಬೆಳಗಿನ ವರದಿಗಳಲ್ಲಿ ಅದು ನೂರರ ಲೆಕ್ಕದಲ್ಲಿತ್ತು, ರಾತ್ರಿಗೆ ಸಾವಿರಗಳಿಗೆ ಬಂತು, ಕೊನೆಗೆ ಟರ್ಕಿಯೊಂದರಲ್ಲೇ 50 ಸಾವಿರ ದಾಟಿತು. ಮೊದಲ ದಿನದ ಅಂಕಿಗಳು ಸುಳ್ಳಾಗಿದ್ದವೆಂದು ಇದರ ಅರ್ಥವಲ್ಲ. ಅವೆಲ್ಲ ಅಲ್ಲಿಯವರೆಗೆ ಹೊರತೆಗೆದು ಎಣಿಸಿದವರ ಸಂಖ್ಯೆ. ವಿವರಣೆ ಬರೆಯುವವರು ಇಲ್ಲಿ ಮಾಡಬೇಕಾದದ್ದು ಎರಡು. ಸಂಖ್ಯೆಯ ಜೊತೆಗೇ ಗಂಟೆಯನ್ನೂ ಮೂಲವನ್ನೂ ಕಟ್ಟಿ. ಅದು ಏರಬಹುದೆಂದು ಏಕೆ ಅನಿಸುತ್ತದೆ ಎಂಬುದನ್ನು ಹೇಳಿ. "ಸಾವಿನ ಸಂಖ್ಯೆ ಹೆಚ್ಚುವ ಸಾಧ್ಯತೆಯಿದೆ" ಎಂಬ ಸವಕಲು ವಾಕ್ಯದ ಬದಲು "ಇದು ಆಸ್ಪತ್ರೆಗಳಿಗೆ ತಲುಪಿದವರ ಲೆಕ್ಕ ಮಾತ್ರ, ಕುಸಿದ ಕಟ್ಟಡಗಳ ಅಡಿಯಲ್ಲಿ ಇರುವವರು ಇದರಲ್ಲಿ ಸೇರಿಲ್ಲ" ಎಂದು ಬರೆದರೆ ಓದುಗರಿಗೆ ವಿಷಯ ತಿಳಿಯುತ್ತದೆ. ಹೀಗೆ ಬರೆಯಬೇಕಾದರೆ ಆ ಲೆಕ್ಕದಲ್ಲಿ ಯಾರು ಸೇರಿದ್ದಾರೆಂದು ನೀವು ಪ್ರಕಟಣೆಯನ್ನು ಓದಿ ಖಚಿತಪಡಿಸಿಕೊಂಡಿರಬೇಕು.

ಸಿರಿಯಾದ ಲೆಕ್ಕ ಇನ್ನೂ ಜಟಿಲವಾಗಿತ್ತು. ಸರ್ಕಾರದ ಹಿಡಿತದಲ್ಲಿದ್ದ ಪ್ರದೇಶದ ಸಂಖ್ಯೆಯನ್ನು ಆರೋಗ್ಯ ಸಚಿವಾಲಯ ಕೊಡುತ್ತಿತ್ತು. ವಾಯವ್ಯ ಭಾಗದಲ್ಲಿ ವಿರೋಧಿ ಪಡೆಗಳ ಹಿಡಿತದಲ್ಲಿದ್ದ ಪ್ರದೇಶದ ಸಂಖ್ಯೆಯನ್ನು ವೈಟ್ ಹೆಲ್ಮೆಟ್ಸ್ ಎಂಬ ರಕ್ಷಣಾ ತಂಡ ಕೊಡುತ್ತಿತ್ತು. ಒಂದನ್ನು ಮಾತ್ರ ತೆಗೆದುಕೊಂಡು "ಸಿರಿಯಾದಲ್ಲಿ ಇಷ್ಟು" ಎಂದರೆ ಅರ್ಧ ಲೆಕ್ಕ. ಯಾರೋ ಈಗಾಗಲೇ ಕೂಡಿಸಿದ ಮೊತ್ತಕ್ಕೆ ಇನ್ನೊಮ್ಮೆ ಒಂದನ್ನು ಸೇರಿಸಿದರೆ ದುಪ್ಪಟ್ಟು ಲೆಕ್ಕ. ಇಂಥ ಕಡೆ ಮೊತ್ತ ಹಾಕಲು ಹೋಗದೆ ಎರಡನ್ನೂ ಬೇರೆ ಬೇರೆಯಾಗಿ ಕೊಡುವುದೇ ಮೇಲು.

ಇನ್ನೊಂದು ಬಲೆ: ಯುಎಸ್‌ಜಿಎಸ್ ಪೇಜರ್ ಎಂಬ ಅಂದಾಜನ್ನೂ ಪ್ರಕಟಿಸುತ್ತದೆ. ಕಂಪನದ ಬಲ, ಅಲ್ಲಿನ ಜನಸಂಖ್ಯೆ, ಕಟ್ಟಡಗಳ ಸ್ವರೂಪ ಹಿಡಿದು ಸಾವುನೋವು ಯಾವ ಮಟ್ಟದಲ್ಲಿರಬಹುದೆಂಬ ಸಂಭಾವ್ಯತೆಯನ್ನು ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಅದು ತೋರಿಸುತ್ತದೆ. ರಕ್ಷಣಾ ಸಂಸ್ಥೆಗಳು ಎಷ್ಟು ದೊಡ್ಡ ತಯಾರಿ ಬೇಕೆಂದು ನಿರ್ಧರಿಸಲು ಅದು ನೆರವಾಗುತ್ತದೆ. ಆದರೆ ಅದರಲ್ಲಿರುವ ಒಂದು ಅಂಕಿಯನ್ನು ಕಿತ್ತು "ಇಷ್ಟು ಸಾವಿರ ಸಾವು: ಅಮೆರಿಕದ ಸಂಸ್ಥೆ" ಎಂದು ಶೀರ್ಷಿಕೆ ಮಾಡುವುದು ಮಾದರಿಯ ಅಂದಾಜನ್ನು ಶವಗಳ ಎಣಿಕೆಯಾಗಿ ಮಾರಿದಂತೆ. ಅದನ್ನು ಬಳಸುವುದಾದರೆ ಅಂದಾಜು ಎಂಬುದು ವಾಕ್ಯದ ಮೊದಲಲ್ಲೇ ಬರಲಿ.

ಅಂಕಿ ಹತ್ತು ಕಡೆ ಕಂಡರೆ ಖಚಿತ ಎಂದುಕೊಳ್ಳಬೇಡಿ. ಹತ್ತು ತಾಣಗಳೂ ಒಂದೇ ಸುದ್ದಿಸಂಸ್ಥೆಯ ಒಂದೇ ವರದಿಯನ್ನು ಎತ್ತಿಕೊಂಡಿರುತ್ತವೆ. ಆ ವರದಿ ಒಬ್ಬ ಅಧಿಕಾರಿಯ ಒಂದು ಮಾತಿನ ಮೇಲೆ ನಿಂತಿರಬಹುದು. ಪ್ರತಿ ವರದಿಯಲ್ಲಿ "ಪ್ರಕಾರ" ಎಂಬ ಪದದ ಹಿಂದೆ ಯಾರ ಹೆಸರಿದೆ ನೋಡಿ, ಅವರ ಬಳಿಗೆ ಹೋಗಿ, ಅಲ್ಲಿಂದ ಮತ್ತೆ ಹಿಂದಕ್ಕೆ. ಎರಡು ದಾರಿಗಳು ಒಂದೇ ಬಾಗಿಲಿಗೆ ಬಂದು ನಿಂತರೆ ನಿಮ್ಮ ಬಳಿ ಇರುವುದು ಒಂದೇ ಮೂಲ. ಹೆಸರೇ ಸಿಗದೆ "ಎನ್ನಲಾಗಿದೆ", "ಹೇಳಲಾಗುತ್ತಿದೆ" ಎಂಬಲ್ಲಿಗೆ ದಾರಿ ಮುಗಿದರೆ ಆ ಸಂಗತಿಯನ್ನು ಹಾಳೆಯಿಂದ ಹೊಡೆದುಹಾಕಿ. ನಮ್ಮ ಪತ್ರಿಕಾಭಾಷೆಯಲ್ಲಿ ವದಂತಿ ಅತಿ ಸಲೀಸಾಗಿ ನುಸುಳುವ ಕಿಂಡಿ ಈ "ಎನ್ನಲಾಗಿದೆ". ಅಂದವರು ಯಾರೆಂದು ಹೇಳಲು ಆಗದಿದ್ದರೆ ವಾಕ್ಯ ಬರೆಯುವುದೇ ಬೇಡ ಎಂಬ ನಿಯಮವನ್ನು ನಿಮಗೆ ನೀವೇ ಹಾಕಿಕೊಳ್ಳಿ.

ಈಗ ವಿಡಿಯೊ. ಅಂದು ಹರಿದಾಡಿದ ಒಂದರಲ್ಲಿ ಭಾರಿ ಸ್ಫೋಟವಾಗಿ ಬಿಳಿಯ ಗುಮ್ಮಟದಂಥ ಮೋಡ ಏಳುತ್ತಿತ್ತು. ಭೂಕಂಪದಿಂದ ಟರ್ಕಿಯ ಅಣುಸ್ಥಾವರ ಸಿಡಿಯಿತೆಂಬ ಒಕ್ಕಣೆ ಅದಕ್ಕಿತ್ತು. ಇದನ್ನು ಎರಡು ಕಡೆಯಿಂದ ಪರೀಕ್ಷಿಸಬಹುದು. ಮೊದಲನೆಯದಕ್ಕೆ ವಿಡಿಯೊ ನೋಡುವ ಅಗತ್ಯವೂ ಇಲ್ಲ: ಹೇಳಿಕೆ ನಿಜವಾಗಬೇಕಾದರೆ ಮೊದಲು ಏನೇನು ನಿಜವಾಗಿರಬೇಕು? ಚಾಲನೆಯಲ್ಲಿರುವ ಅಣುಸ್ಥಾವರ ಇರಬೇಕು. ಟರ್ಕಿಯ ಮೊದಲ ಅಣುವಿದ್ಯುತ್ ಸ್ಥಾವರ ಮೆಡಿಟರೇನಿಯನ್ ತೀರದ ಅಕ್ಕುಯುವಿನದು. 2023ರ ಫೆಬ್ರುವರಿಯಲ್ಲಿ ಅದು ಇನ್ನೂ ನಿರ್ಮಾಣದಲ್ಲಿತ್ತು, ಅಣು ಇಂಧನ ಅಲ್ಲಿಗೆ ಬಂದದ್ದೇ ಆ ವರ್ಷದ ಏಪ್ರಿಲ್‌ನಲ್ಲಿ. ಐದು ನಿಮಿಷದ ಹುಡುಕಾಟದಲ್ಲಿ ಹೇಳಿಕೆ ಕುಸಿಯುತ್ತದೆ.

ಎರಡನೆಯದು ದೃಶ್ಯದ ಮೂಲ ಹುಡುಕುವುದು. ಇಲ್ಲಿ ಹಲವರು ಸ್ಫೋಟದ ಚೌಕಟ್ಟನ್ನೇ ಸೆರೆಹಿಡಿದು ಚಿತ್ರ ಹುಡುಕಾಟಕ್ಕೆ ಹಾಕುತ್ತಾರೆ. ಹೊಗೆ, ಬೆಂಕಿ ಎಲ್ಲೆಲ್ಲಿಯೂ ಒಂದೇ ಬಗೆ. ಹುಡುಕಾಟ ನೂರು ಕಡೆ ಅಲೆಯುತ್ತದೆ. ಸ್ಫೋಟಕ್ಕೆ ಮುಂಚಿನ, ಕಟ್ಟಡಗಳ ರೇಖೆ ಸ್ಪಷ್ಟವಾಗಿ ಕಾಣುವ ಚೌಕಟ್ಟನ್ನು ನಿಲ್ಲಿಸಿ, ಅದನ್ನು ಗೂಗಲ್ ಲೆನ್ಸ್‌ಗೂ ಯಾಂಡೆಕ್ಸ್‌ಗೂ ಹಾಕಿ. ಒಂದರಲ್ಲಿ ಸಿಗದದ್ದು ಇನ್ನೊಂದರಲ್ಲಿ ಸಿಗಬಹುದು. ಎರಡರಲ್ಲೂ ಸಿಗದಿದ್ದರೆ ಚಿತ್ರವನ್ನು ಎಡ–ಬಲ ತಿರುಗಿಸಿ ಮತ್ತೆ ಹಾಕಿ, ಏಕೆಂದರೆ ಹಳೆಯ ವಿಡಿಯೊ ಹೊಸದೆಂದು ಹಂಚುವವರು ಕನ್ನಡಿಯ ಹಾಗೆ ತಿರುಗಿಸಿಬಿಡುವುದುಂಟು. ಆ ಬಿಳಿಯ ಮೋಡದ ದೃಶ್ಯ 2020ರ ಆಗಸ್ಟ್ 4ರಂದು ಲೆಬನಾನಿನ ಬೈರೂತ್ ಬಂದರಿನಲ್ಲಿ ಅಮೋನಿಯಂ ನೈಟ್ರೇಟ್ ದಾಸ್ತಾನು ಸಿಡಿದಾಗಿನದು. ಬಂದರಿನ ದೊಡ್ಡ ಧಾನ್ಯ ಸಂಗ್ರಹಾಗಾರ ಅದರ ಗುರುತು.

ಒಂದು ಎಚ್ಚರ. ಹುಡುಕಾಟದಲ್ಲಿ ಹಳೆಯ ತಾರೀಖು ಸಿಕ್ಕರೆ ವಿಡಿಯೊ ಹಳೆಯದೆಂದು ಸಾಬೀತಾಗುತ್ತದೆ. ಏನೂ ಸಿಗದಿದ್ದರೆ ಹೊಸದೆಂದು ಸಾಬೀತಾಗುವುದಿಲ್ಲ. ಹುಡುಕಾಟ ಸೋತಿತು ಎಂದಷ್ಟೇ ಅರ್ಥ.

ಇದಕ್ಕೆ ವಿರುದ್ಧವಾದ ತಪ್ಪಿನ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ, ಅದಕ್ಕೇ ನಾನು ಹೇಳಬೇಕು. ಕಂಪನ ಆದದ್ದು ನಸುಕಿನ 4:17ಕ್ಕೆ, ಫೆಬ್ರುವರಿಯ ಕತ್ತಲಲ್ಲಿ. ಹೊಳೆಯುವ ಹಗಲಿನಲ್ಲಿ ಬಹುಮಹಡಿ ಕಟ್ಟಡವೊಂದು ಕುಸಿಯುವ ವಿಡಿಯೊ ನಿಮಗೆ ಬಂತು. ಸಮಯ ಹೊಂದುವುದಿಲ್ಲ, ಆದ್ದರಿಂದ ಸುಳ್ಳು ಎಂದು ಬರೆದುಬಿಡಲು ಬೆರಳು ತುಡಿಯುತ್ತದೆ. ಆದರೆ ಅದೇ ದಿನ ಸ್ಥಳೀಯ ಸಮಯ ಮಧ್ಯಾಹ್ನ 1:24ಕ್ಕೆ, ಮೊದಲನೆಯದರಿಂದ ಉತ್ತರಕ್ಕೆ ಸುಮಾರು 95 ಕಿ.ಮೀ. ದೂರದಲ್ಲಿ, 7.5 ಪ್ರಮಾಣದ ಇನ್ನೊಂದು ಭೂಕಂಪವಾಯಿತು. ಹಗಲಿನಲ್ಲಿ ಕಟ್ಟಡ ಬೀಳುವ ನಿಜವಾದ ದೃಶ್ಯಗಳು ಅಂದು ಇದ್ದವು. ಸುಳ್ಳನ್ನು ಬಯಲು ಮಾಡುವ ಉತ್ಸಾಹದಲ್ಲಿ ನಿಜವನ್ನು ಸುಳ್ಳೆಂದರೆ ಅದೂ ವದಂತಿಯೇ, ಅದರ ಮೇಲೆ ಪತ್ರಿಕೆಯ ಮೊಹರು ಬೇರೆ. ಹಾಗಾಗಿ ವಿಡಿಯೊಗಳಿಗೆ ಮೂರು ಗುಂಪು ಇಟ್ಟುಕೊಳ್ಳಿ: ಇಲ್ಲಿಯದೇ ಎಂದು ತಿಳಿದದ್ದು, ಇಲ್ಲಿಯದಲ್ಲವೆಂದು ತಿಳಿದದ್ದು, ತಿಳಿಯದದ್ದು. ಮೂರನೆಯ ಗುಂಪಿನದನ್ನು ಬಳಸಲೂ ಬೇಡಿ, ಸುಳ್ಳೆನ್ನಲೂ ಬೇಡಿ. 400 ಪದಗಳ ವಿವರಣೆಗೆ ನಕಾಶೆಯೊಂದು ಸಾಕು. ಸ್ಥಳ ಗುರುತಿಸಲಾಗದ ವಿಡಿಯೊ ಇಲ್ಲದಿದ್ದರೆ ಅದಕ್ಕೆ ಯಾವ ಕೊರತೆಯೂ ಆಗುವುದಿಲ್ಲ.

ಭವಿಷ್ಯವಾಣಿಯದು ಇನ್ನೊಂದು ಬಗೆ, ಏಕೆಂದರೆ ಅಲ್ಲಿ ಪೋಸ್ಟ್ ನಿಜವಾದದ್ದೇ. ಗ್ರಹಗಳ ಸ್ಥಾನ ನೋಡಿ ಭೂಕಂಪ ಹೇಳುವ ನೆದರ್ಲೆಂಡ್ಸ್‌ನ ವ್ಯಕ್ತಿಯೊಬ್ಬರು ಫೆಬ್ರುವರಿ 3ರಂದು, ದಕ್ಷಿಣ–ಮಧ್ಯ ಟರ್ಕಿ, ಜೋರ್ಡಾನ್, ಸಿರಿಯಾ, ಲೆಬನಾನ್ ಪ್ರದೇಶದಲ್ಲಿ ಇಂದಲ್ಲ ನಾಳೆ ಸುಮಾರು 7.5 ಪ್ರಮಾಣದ ಭೂಕಂಪವಾಗುತ್ತದೆ ಎಂಬ ಅರ್ಥದಲ್ಲಿ ಬರೆದಿದ್ದರು. ತಾರೀಖು ತಿದ್ದಿದ್ದಲ್ಲ, ಚಿತ್ರ ಕೃತಕವಲ್ಲ. ಇಲ್ಲಿ ಪರೀಕ್ಷಿಸಬೇಕಾದದ್ದು ಅದು ಮುನ್ಸೂಚನೆ ಹೌದೇ ಎಂಬುದನ್ನು. ಯುಎಸ್‌ಜಿಎಸ್ ಹೇಳುವಂತೆ ಭೂಕಂಪದ ಮುನ್ಸೂಚನೆಯಲ್ಲಿ ದಿನಾಂಕ ಮತ್ತು ಸಮಯ, ಸ್ಥಳ, ಪ್ರಮಾಣ ಈ ಮೂರೂ ಇರಬೇಕು. ಆ ಪೋಸ್ಟ್‌ನಲ್ಲಿ ದಿನಾಂಕವೇ ಇಲ್ಲ, ಸ್ಥಳ ನಾಲ್ಕು ದೇಶಗಳಷ್ಟು ಅಗಲ. ಆ ಸ್ತರಭಂಗದಲ್ಲಿ ಎಂದಾದರೂ ದೊಡ್ಡ ಕಂಪನ ಆಗುತ್ತದೆಂದು ಭೂವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು. ದೊಡ್ಡ ಭೂಕಂಪವೊಂದನ್ನು ಯಾವ ವಿಜ್ಞಾನಿಯೂ ಇದುವರೆಗೆ ಮುಂಚಿತವಾಗಿ ಹೇಳಿಲ್ಲ ಎಂಬುದೂ ಅದೇ ಸಂಸ್ಥೆಯ ಸ್ಪಷ್ಟ ನಿಲುವು. ಇಂಥವರ ಹಿಂದಿನ ಪೋಸ್ಟ್‌ಗಳನ್ನೂ ತೆರೆದು, ಹೇಳಿಯೂ ಏನೂ ಆಗದ ಸಂದರ್ಭಗಳಿವೆಯೇ ಎಂದು ನೋಡಬೇಕು. ಹೊಂದಿದ ಒಂದನ್ನು ಮಾತ್ರ ಎತ್ತಿ ತೋರಿಸಿದರೆ ಯಾರು ಬೇಕಾದರೂ ದ್ರಷ್ಟಾರರಾಗಬಹುದು.

ಹಾಗಾದರೆ ವದಂತಿಯನ್ನು ವಿವರಣೆಯಲ್ಲಿ ಎತ್ತಬೇಕೇ? ಎಲ್ಲವನ್ನೂ ಬೇಡ. ಹತ್ತು ಜನ ನೋಡಿದ ಸುಳ್ಳನ್ನು ಅಲ್ಲಗಳೆಯಲು ಹೋಗಿ ಹತ್ತು ಸಾವಿರ ಜನಕ್ಕೆ ಮುಟ್ಟಿಸುವುದು ಯಾರಿಗೂ ಒಳ್ಳೆಯದಲ್ಲ. ಜನ ಅದನ್ನು ನಂಬಿ ಏನಾದರೂ ಮಾಡುವಂತಿದ್ದರೆ ಎತ್ತಬೇಕು: ಮನೆ ಬಿಟ್ಟು ಓಡುವುದು, ನಿಜವಾದ ಎಚ್ಚರಿಕೆಯನ್ನು ಕಡೆಗಣಿಸುವುದು, ಯಾರ ಮೇಲೋ ಕೈಮಾಡುವುದು. ಭವಿಷ್ಯವಾಣಿ ಅಂಥದ್ದು, ಏಕೆಂದರೆ ಮುಂದಿನ ಊರು ಯಾವುದೆಂದು ಜನ ಆ ವ್ಯಕ್ತಿಯನ್ನೇ ಕೇಳತೊಡಗುತ್ತಾರೆ. ಎತ್ತುವುದಾದರೆ ನಿಜ ಮೊದಲು ಬರಲಿ, ಸುಳ್ಳು ನಡುವೆ ಒಂದು ಸಲ, ಮತ್ತೆ ನಿಜ. ಶೀರ್ಷಿಕೆಯಲ್ಲಿ ಸುಳ್ಳು ಬೇಡ, ಪ್ರಶ್ನಾರ್ಥಕ ಚಿಹ್ನೆ ಹಚ್ಚಿಯೂ ಬೇಡ. "ಭೂಕಂಪದ ಬಗ್ಗೆ ಮೂರು ದಿನ ಮೊದಲೇ ಹೇಳಿದ್ದರೇ?" ಎಂಬ ಶೀರ್ಷಿಕೆಯನ್ನಷ್ಟೇ ಓದಿ ಮುಂದೆ ಹೋದವರ ತಲೆಯಲ್ಲಿ ಉಳಿಯುವುದು "ಹೇಳಿದ್ದರು" ಎಂಬುದೇ.

ಇನ್ನು ಉಳಿದ ದೊಡ್ಡ ಸೆಳೆತ ಕಾರಣದ್ದು. ಇಷ್ಟೊಂದು ಕಟ್ಟಡಗಳು ಏಕೆ ಬಿದ್ದವು? ಮೊದಲ ದಿನವೇ ಉತ್ತರ ಹರಿದಾಡುತ್ತಿತ್ತು: ನಿಯಮ ಮೀರಿದ ಕಟ್ಟಡಗಳು, ಅವಕ್ಕೆ ಸರ್ಕಾರ ಕೊಟ್ಟ ಮಾಫಿ. ಇದರಲ್ಲಿ ದಾಖಲೆ ಇರುವ ಭಾಗವೂ ಇದೆ. 1999ರ ಆಗಸ್ಟ್ 17ರ ಇಜ್ಮಿತ್ ಭೂಕಂಪದಲ್ಲಿ ಅಧಿಕೃತ ಲೆಕ್ಕದಂತೆಯೇ 17 ಸಾವಿರಕ್ಕೂ ಹೆಚ್ಚು ಮಂದಿ ಸತ್ತ ಮೇಲೆ ಟರ್ಕಿಯಲ್ಲಿ ಕಟ್ಟಡ ನಿಯಮಗಳು ಬಿಗಿಯಾದವು. 2018ರಲ್ಲಿ ಅನುಮತಿಯಿಲ್ಲದ ಕಟ್ಟಡಗಳನ್ನು ಶುಲ್ಕ ಪಡೆದು ಸಕ್ರಮ ಮಾಡುವ ಕಾನೂನು ಬಂತು. ಇಷ್ಟನ್ನು ಮೊದಲ ದಿನವೇ ಧೈರ್ಯವಾಗಿ ಬರೆಯಬಹುದು. "ಬಿದ್ದ ಕಟ್ಟಡಗಳು ಬಿದ್ದದ್ದು ಇದೇ ಕಾರಣಕ್ಕೆ" ಎಂದು ಬರೆಯಲಾಗದು. ಯಾವ ಕಟ್ಟಡ ಯಾವಾಗ ಕಟ್ಟಿದ್ದು, ಸಕ್ರಮವಾಗಿತ್ತೇ, ಕಾಂಕ್ರೀಟ್ ಹೇಗಿತ್ತು ಎಂದು ಅಂದು ಯಾರೂ ನೋಡಿರಲಿಲ್ಲ. ಎರಡು ನಿಜ ಸಂಗತಿಗಳನ್ನು ಅಕ್ಕಪಕ್ಕ ಇಟ್ಟು "ಆದ್ದರಿಂದ" ಎಂದು ಹೊಲಿದರೆ ಆ ಹೊಲಿಗೆ ನಿಮ್ಮದೇ ಕಲ್ಪನೆ. ಓದುಗರು ಅದನ್ನೂ ಸಂಗತಿಯೆಂದೇ ತಿಳಿಯುತ್ತಾರೆ. "ತನಿಖೆ ಆಗಬೇಕಿದೆ" ಎಂಬ ಬಾಯಿಪಾಠದ ಮಾತಿಗಿಂತ, ಯಾವುದು ತಿಳಿಯಬೇಕಿದೆ ಎಂದು ಹೆಸರಿಸಿ ಹೇಳಿ.

ಇವನ್ನೆಲ್ಲ ಒಂದು ಕರಡಿನ ಮೇಲೆ ಇಟ್ಟು ನೋಡೋಣ. ಅವಸರದಲ್ಲಿ ಸಾಮಾನ್ಯವಾಗಿ ಹುಟ್ಟುವ ಮೊದಲ ಪ್ಯಾರಾ ಹೀಗಿರುತ್ತದೆ:

"ಟರ್ಕಿಯಲ್ಲಿ ರಿಕ್ಟರ್ ಮಾಪಕದಲ್ಲಿ 7.8 ತೀವ್ರತೆಯ ಭೀಕರ ಭೂಕಂಪ ಸಂಭವಿಸಿದ್ದು, ಸಾವಿರಾರು ಮಂದಿ ಮೃತಪಟ್ಟಿದ್ದಾರೆ ಎನ್ನಲಾಗಿದೆ. ಕಳಪೆ ಕಾಮಗಾರಿಯಿಂದಾಗಿ ಕಟ್ಟಡಗಳು ಕುಸಿದಿವೆ. ಇನ್ನಷ್ಟು ಪ್ರಬಲ ಭೂಕಂಪ ಸಂಭವಿಸಲಿದೆ ಎಂದು ತಜ್ಞರು ಎಚ್ಚರಿಸಿದ್ದಾರೆ."

ಪ್ರಮಾಣಕ್ಕೆ ಮೂಲವಿಲ್ಲ, ಮಾಪಕ ತಪ್ಪು. ಸಾವಿನ ಸಂಖ್ಯೆಗೆ ಗಂಟೆಯೂ ಇಲ್ಲ, ಹೇಳಿದವರೂ ಇಲ್ಲ. ಸಿರಿಯಾ ಕಾಣೆಯಾಗಿದೆ. ಕಾರಣ ತೀರ್ಪಿನಂತಿದೆ. ಕೊನೆಯ ವಾಕ್ಯ ಎಲ್ಲಕ್ಕಿಂತ ಅಪಾಯಕಾರಿ. ಪಶ್ಚಾತ್ ಕಂಪನಗಳು ಬರುತ್ತವೆ ಎಂದು ಯಾವ ತಜ್ಞರಾದರೂ ಹೇಳುತ್ತಾರೆ, ಅವುಗಳಲ್ಲಿ ಹೆಚ್ಚಿನವು ಮೊದಲನೆಯದಕ್ಕಿಂತ ಚಿಕ್ಕವು. ಅದು "ಇನ್ನಷ್ಟು ಪ್ರಬಲ" ಎಂದು ಬದಲಾದದ್ದು ಬರೆಯುವವರ ಮೇಜಿನಲ್ಲಿ. ಅದೇ ಪ್ಯಾರಾವನ್ನು ಹೀಗೆ ಬರೆಯಬಹುದು:

"ಟರ್ಕಿಯ ಆಗ್ನೇಯ ಭಾಗದಲ್ಲಿ, ಸಿರಿಯಾ ಗಡಿಗೆ ಹತ್ತಿರ, ಸೋಮವಾರ ನಸುಕಿನ 4:17ಕ್ಕೆ (ಸ್ಥಳೀಯ ಸಮಯ) 7.8 ಪ್ರಮಾಣದ ಭೂಕಂಪವಾಗಿದೆ ಎಂದು ಯುಎಸ್‌ಜಿಎಸ್ ತಿಳಿಸಿದೆ. ಮಧ್ಯಾಹ್ನ 1:24ಕ್ಕೆ ಉತ್ತರದ ಕಡೆ 7.5 ಪ್ರಮಾಣದ ಇನ್ನೊಂದು ಕಂಪನವಾಯಿತು. ಸಂಜೆ 6ರ ಹೊತ್ತಿಗೆ ಟರ್ಕಿಯಲ್ಲಿ (ಸಂಖ್ಯೆ) ಮಂದಿ ಸತ್ತಿದ್ದಾರೆಂದು ಅಫಾದ್ ಹೇಳಿದೆ. ಸಿರಿಯಾದಲ್ಲಿ ಸರ್ಕಾರದ ಹಿಡಿತದ ಪ್ರದೇಶದಲ್ಲಿ (ಸಂಖ್ಯೆ) ಎಂದು ಆರೋಗ್ಯ ಸಚಿವಾಲಯ, ವಾಯವ್ಯದಲ್ಲಿ (ಸಂಖ್ಯೆ) ಎಂದು ವೈಟ್ ಹೆಲ್ಮೆಟ್ಸ್ ಅದೇ ಹೊತ್ತಿಗೆ ತಿಳಿಸಿವೆ. ಈ ಪ್ರದೇಶದಲ್ಲಿ ನೆಲ ಹೀಗೆ ಕದಲುವುದೇಕೆ?"

ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟದ್ದು ಬೇಕೆಂದೇ. ಏರುತ್ತಿರುವ ಅಂಕಿಯನ್ನು ಬೆಳಿಗ್ಗೆಯೇ ತುಂಬಿದರೆ ಸಂಜೆ ಅದನ್ನು ಬದಲಿಸಲು ಮರೆಯುತ್ತೇವೆ. ಆವರಣ ಹಾಕಿ ಖಾಲಿ ಬಿಟ್ಟರೆ ಕಣ್ಣಿಗೆ ಚುಚ್ಚುತ್ತಿರುತ್ತದೆ. ಪುಟಕ್ಕೆ ಕಳುಹಿಸುವ ಕೊನೆಯ ಹತ್ತು ನಿಮಿಷದಲ್ಲಿ ಮೂಲ ಪ್ರಕಟಣೆಯನ್ನೇ ತೆರೆದು ತುಂಬಿ. ಅದೇ ಹತ್ತು ನಿಮಿಷದಲ್ಲಿ ಬರಹವನ್ನು ಮುದ್ರಿಸಿ, ಪ್ರತಿ ಹೆಸರು, ಅಂಕಿ, ಸಮಯ, ದಿಕ್ಕಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು, ಹಾಳೆಯ ಮೇಲಿನ ಸಾಲಿಗೆ ಹೊಂದಿಸಿ ನೋಡಿ. ಹೊಂದದ ಪದಕ್ಕೆ ಸಾಲು ಹುಡುಕಲು ಹೊತ್ತಿಲ್ಲದಿದ್ದರೆ ಆ ಪದ ತೆಗೆದುಬಿಡಿ. ನೀವು ನೋಡಿದ ಪುಟಗಳ ಸ್ಕ್ರೀನ್‌ಶಾಟನ್ನು ಗಂಟೆ ಕಾಣುವಂತೆ ಉಳಿಸಿಕೊಳ್ಳಿ, ಏಕೆಂದರೆ ಮರುದಿನ ಅದೇ ಪುಟದಲ್ಲಿ ಬೇರೆ ಸಂಖ್ಯೆ ಇರುತ್ತದೆ, ನೀವು ಬರೆದದ್ದು ಎಲ್ಲಿಂದ ಬಂತೆಂದು ತೋರಿಸಲು ಏನೂ ಉಳಿದಿರುವುದಿಲ್ಲ.

ಪ್ರಕಟವಾದ ಮೇಲೂ ಎರಡು ಬಗೆಯ ಬದಲಾವಣೆಗಳು ಬೇಕಾಗುತ್ತವೆ, ಅವನ್ನು ಬೆರೆಸಬೇಡಿ. ಸಾವಿನ ಸಂಖ್ಯೆ ಏರಿದ್ದಕ್ಕೆ, ಯುಎಸ್‌ಜಿಎಸ್ ಆಳವನ್ನು ಮುಂದೆ 10 ಕಿ.ಮೀ. ಎಂದು ಪರಿಷ್ಕರಿಸಿದ್ದಕ್ಕೆ ಹೊಸ ಗಂಟೆ ನಮೂದಿಸಿ ಸಾಲು ಬದಲಿಸಿದರೆ ಸಾಕು. ಆದರೆ ನೀವು ಬರೆದದ್ದು ಬರೆದಾಗಲೇ ತಪ್ಪಾಗಿದ್ದರೆ, ಉದಾಹರಣೆಗೆ ಎರಡನೆಯ ಕಂಪನವನ್ನು ಮೊದಲನೆಯ ಸ್ಥಳದಲ್ಲೇ ಆದದ್ದೆಂದು ಹೇಳಿದ್ದರೆ, ಮೊದಲು ಏನೆಂದು ಬರೆದಿತ್ತು, ಈಗ ಏನೆಂದು ತಿದ್ದಿದೆ, ಯಾವಾಗ ತಿದ್ದಿದೆ ಎಂಬುದನ್ನು ಬರಹದ ಕೆಳಗೆ ಪೂರ್ತಿಯಾಗಿ ಹಾಕಿ. ಅಚ್ಚಿನ ಪತ್ರಿಕೆಯಾದರೆ ಮರುದಿನ ಅದೇ ಪುಟದಲ್ಲಿ. ಹಳೆಯ ರೂಪವನ್ನು ಯಾರೋ ಚಿತ್ರ ತೆಗೆದು ಆಗಲೇ ಹಂಚಿರುತ್ತಾರೆ. ಅದು ಕೈಗೆ ಬಂದು ಅನುಮಾನಪಟ್ಟವರು ನಿಮ್ಮ ಪತ್ರಿಕೆಯಲ್ಲಿ ಹುಡುಕಿದಾಗ ಆ ತಿದ್ದುಪಡಿ ಅವರಿಗೆ ಸಿಗಬೇಕು.